ಮಾರ್ಚ್ 31ರ ನಂತರ ನಡೆದದ್ದು ಯಾವ ವರ್ಷದ ಲೆಕ್ಕಕ್ಕೆ?

ವರ್ಷದ ಲೆಕ್ಕ ಮಾರ್ಚ್ 31ಕ್ಕೆ ಮುಗಿಯುತ್ತದೆ. ಆದರೆ ಆ ಲೆಕ್ಕಕ್ಕೆ ಸಹಿ ಬೀಳುವುದು ಜುಲೈ, ಆಗಸ್ಟ್, ಕೆಲವೊಮ್ಮೆ ಸೆಪ್ಟೆಂಬರ್‌ನಲ್ಲಿ. ಈ ನಡುವಿನ ತಿಂಗಳುಗಳಲ್ಲಿ ವ್ಯಾಪಾರ ನಿಂತಿರುವುದಿಲ್ಲ. ಉದ್ರಿ ಪಡೆದವರು ಬಾಗಿಲು ಮುಚ್ಚುತ್ತಾರೆ, ಗೋದಾಮಿಗೆ ಬೆಂಕಿ ಬೀಳುತ್ತದೆ, ಹಳೆಯ ದಾವೆಯ ತೀರ್ಪು ಬರುತ್ತದೆ. ಇವುಗಳಲ್ಲಿ ಯಾವುದನ್ನು ಮುಗಿದ ವರ್ಷದ ಬ್ಯಾಲೆನ್ಸ್ ಶೀಟಿಗೆ, ಅಂದರೆ ಅಢಾವೆ ಪತ್ರಿಕೆಗೆ, ಸೇರಿಸಬೇಕು, ಯಾವುದನ್ನು ಬರಹದಲ್ಲಿ ತಿಳಿಸಿ ಬಿಡಬೇಕು ಎಂಬುದನ್ನು ನಮ್ಮ ದೇಶದಲ್ಲಿ ಎರಡು ಲೆಕ್ಕಪತ್ರ ಮಾನದಂಡಗಳು ಹೇಳುತ್ತವೆ. ಸಣ್ಣ, ಮಧ್ಯಮ ಕಂಪನಿಗಳಿಗೆ ಸಾಮಾನ್ಯವಾಗಿ ಎ.ಎಸ್. 4, ಷೇರುಪೇಟೆಯಲ್ಲಿ ನೋಂದಾಯಿತವಾದ ಮತ್ತು ದೊಡ್ಡ ಕಂಪನಿಗಳಿಗೆ ಇಂಡ್ ಎ.ಎಸ್. 10. ಎರಡರ ತಿರುಳೂ ಒಂದೇ.

ಹುಬ್ಬಳ್ಳಿಯಲ್ಲಿ ಬಟ್ಟೆಯ ಸಗಟು ವ್ಯಾಪಾರ ಮಾಡುವ ಒಂದು ಖಾಸಗಿ ಕಂಪನಿಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಇದಕ್ಕೆ ಅನ್ವಯಿಸುವುದು ಎ.ಎಸ್. 4. 2024-25ರ ಕರಡು ಲೆಕ್ಕದಲ್ಲಿ 22 ಲಕ್ಷ ರೂಪಾಯಿ ಲಾಭ ಕಾಣುತ್ತಿದೆ. ನಿರ್ದೇಶಕ ಮಂಡಳಿ ಲೆಕ್ಕಪತ್ರಗಳನ್ನು ಒಪ್ಪುವುದು 2025ರ ಆಗಸ್ಟ್ 20ರಂದು.

ಮೊದಲು ಎರಡು ದಿನಾಂಕ ಬರೆದುಕೊಳ್ಳಿ

ಒಂದು, ವರ್ಷ ಮುಗಿದ ದಿನ: ಮಾರ್ಚ್ 31. ಇನ್ನೊಂದು, ಮಂಡಳಿ ಲೆಕ್ಕವನ್ನು ಒಪ್ಪುವ ದಿನ: ಆಗಸ್ಟ್ 20. ಇವೆರಡರ ನಡುವೆ ನಡೆದದ್ದಷ್ಟೇ ಈ ನಿಯಮದ ವ್ಯಾಪ್ತಿಗೆ ಬರುತ್ತದೆ. ಕೊನೆಯ ದಿನಾಂಕದ ಬಗ್ಗೆ ಹಲವರಿಗೆ ಗೊಂದಲವಿದೆ. ಷೇರುದಾರರ ವಾರ್ಷಿಕ ಸಭೆ ಸೆಪ್ಟೆಂಬರ್‌ನಲ್ಲಿ ನಡೆಯುವುದರಿಂದ ಅಲ್ಲಿಯವರೆಗಿನ ಘಟನೆಗಳನ್ನೆಲ್ಲ ಎಣಿಸಬೇಕು ಎಂದುಕೊಳ್ಳುತ್ತಾರೆ. ಹಾಗಲ್ಲ, ಮಂಡಳಿಯ ಒಪ್ಪಿಗೆಯೇ ಗಡಿ.

ನಂತರ ಘಟನೆಗಳನ್ನು ಹುಡುಕಿ

ಇವು ತಾವಾಗಿ ಬಂದು ಮೇಜಿನ ಮೇಲೆ ಕೂರುವುದಿಲ್ಲ. ಏಪ್ರಿಲ್‌ನಿಂದೀಚಿನ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ವಾಪಸಾದ ಚೆಕ್ಕುಗಳನ್ನು ನೋಡಿ. ಮಾರ್ಚ್‌ನ ಮಾರಾಟಕ್ಕೆ ಏಪ್ರಿಲ್, ಮೇ ತಿಂಗಳಲ್ಲಿ ಕೊಟ್ಟ ಕ್ರೆಡಿಟ್ ನೋಟುಗಳನ್ನು, ಅಂದರೆ ಮಾಲು ಹಿಂದಿರುಗಿದಾಗ ಗ್ರಾಹಕರ ಬಾಕಿ ಇಳಿಸಿ ಕೊಡುವ ಚೀಟಿಗಳನ್ನು, ತೆಗೆಯಿರಿ. ಮಂಡಳಿಯ ಸಭೆಗಳ ನಡಾವಳಿ, ವಕೀಲರ ಪತ್ರಗಳು, ವಿಮಾ ಕಂಪನಿಗೆ ಸಲ್ಲಿಸಿದ ಕ್ಲೇಮುಗಳನ್ನು ಓದಿ. ನನ್ನ ಅಭಿಪ್ರಾಯದಲ್ಲಿ ಇವುಗಳಲ್ಲಿ ಹೆಚ್ಚು ಮಾತನಾಡುವುದು ಕ್ರೆಡಿಟ್ ನೋಟುಗಳೇ. ಮಾರ್ಚ್ ಕೊನೆಯ ವಾರ ಗುರಿ ಮುಟ್ಟಲು ಕಳುಹಿಸಿದ ಮಾಲು ಏಪ್ರಿಲ್‌ನಲ್ಲಿ ಹಿಂದಿರುಗಿದ್ದರೆ, ಆ ಮಾರಾಟ ಮಾರ್ಚ್‌ನಲ್ಲಿಯೇ ಗಟ್ಟಿಯಾಗಿರಲಿಲ್ಲ ಎಂದು ಅವು ಹೇಳಿಬಿಡುತ್ತವೆ.

ಈಗ ಒಂದೇ ಪ್ರಶ್ನೆ: ಕಾರಣ ಯಾವಾಗ ಹುಟ್ಟಿತು?

ಸುದ್ದಿ ಯಾವಾಗ ಬಂತು ಎಂಬುದು ಮುಖ್ಯವಲ್ಲ. ಸುದ್ದಿಯ ಹಿಂದಿನ ಸ್ಥಿತಿ ಮಾರ್ಚ್ 31ರಂದು ಇತ್ತೇ, ಇಲ್ಲವೇ ಎಂಬುದು ಮುಖ್ಯ. ಇದ್ದಿದ್ದರೆ ಅದು ಹೊಂದಾಣಿಕೆ ಬೇಡುವ ಘಟನೆ. ಹಳೆಯ ವರ್ಷದ ಅಂಕಿಗಳನ್ನು ತಿದ್ದಬೇಕು. ಸ್ಥಿತಿಯೇ ಆಮೇಲೆ ಹುಟ್ಟಿದ್ದರೆ ಅದು ಹೊಂದಾಣಿಕೆ ಬೇಡದ ಘಟನೆ. ಅಂಕಿಗಳನ್ನು ಮುಟ್ಟಬಾರದು, ದೊಡ್ಡದಾಗಿದ್ದರೆ ಬರಹದಲ್ಲಿ ತಿಳಿಸಬೇಕು.

ನಮ್ಮ ಕಂಪನಿಗೆ ದಾವಣಗೆರೆಯ ಒಬ್ಬ ಚಿಲ್ಲರೆ ವ್ಯಾಪಾರಿ ಮಾರ್ಚ್ 31ರಂದು 8 ಲಕ್ಷ ರೂಪಾಯಿ ಕೊಡಬೇಕಿತ್ತು. ಮೇ ತಿಂಗಳಲ್ಲಿ ಅವರು ಅಂಗಡಿ ಮುಚ್ಚಿದರು, ದಿವಾಳಿ ಎಂದು ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಕಡತ ತೆಗೆದು ನೋಡಿದರೆ ಜನವರಿಯಲ್ಲಿ ಒಂದು ಚೆಕ್ಕು, ಫೆಬ್ರುವರಿಯಲ್ಲಿ ಎರಡು ಚೆಕ್ಕು ಹಣವಿಲ್ಲದೆ ವಾಪಸಾಗಿವೆ. ಬಾಕಿ ಕೇಳಿ ಕಂಪನಿ ಬರೆದ ಪತ್ರಗಳೂ ಅಲ್ಲಿವೆ. ಅಂದರೆ ಮಾರ್ಚ್ 31ರಂದೇ ಆ ವ್ಯಾಪಾರಿಯ ಕೈ ಬರಿದಾಗಿತ್ತು. ಮೇ ತಿಂಗಳ ಅರ್ಜಿ ಅದನ್ನು ಖಚಿತಪಡಿಸಿತು ಅಷ್ಟೆ. ಇದು ಹೊಂದಾಣಿಕೆ ಬೇಡುವ ಘಟನೆ. ಎಲ್ಲ ಸೇರಿ 2 ಲಕ್ಷ ಸಿಗಬಹುದು ಎಂಬ ಅಂದಾಜಿದ್ದರೆ ಉಳಿದ 6 ಲಕ್ಷಕ್ಕೆ ಪ್ರಾವಿಜನ್ ಮಾಡಬೇಕು, ಅಂದರೆ ಬರಬಹುದಾದ ನಷ್ಟಕ್ಕೆಂದು ಲಾಭದಿಂದ ಅಷ್ಟು ಮೊತ್ತವನ್ನು ತೆಗೆದಿಡಬೇಕು. ಸಂಶಯಾಸ್ಪದ ಬಾಕಿಯ ಖರ್ಚು ಖಾತೆಗೆ 6 ಲಕ್ಷ ಡೆಬಿಟ್, ಪ್ರಾವಿಜನ್ ಖಾತೆಗೆ 6 ಲಕ್ಷ ಕ್ರೆಡಿಟ್. ನಮೂದಿನ ದಿನಾಂಕ 31-03-2025. ಲಾಭ 22 ಲಕ್ಷದಿಂದ 16 ಲಕ್ಷಕ್ಕೆ ಇಳಿಯುತ್ತದೆ.

ಈಗ ಕಥೆಯನ್ನು ಸ್ವಲ್ಪ ಬದಲಿಸಿ. ಅದೇ ವ್ಯಾಪಾರಿ, ಅದೇ 8 ಲಕ್ಷ. ಮಾರ್ಚ್‌ವರೆಗೆ ಒಂದು ಚೆಕ್ಕೂ ತಪ್ಪಿಲ್ಲ, ಅಂಗಡಿ ಚೆನ್ನಾಗಿ ನಡೆದಿದೆ. ಮೇ 10ರ ರಾತ್ರಿ ಶಾರ್ಟ್ ಸರ್ಕಿಟ್‌ನಿಂದ ಅಂಗಡಿ ಸುಟ್ಟುಹೋಗುತ್ತದೆ, ವಿಮೆ ಇರಲಿಲ್ಲ, ಅವರು ದಿವಾಳಿಯಾಗುತ್ತಾರೆ. ನಮ್ಮ ಕಂಪನಿಗೆ ಆಗುವ ನಷ್ಟ ಅಷ್ಟೇ. ಆದರೆ ಮಾರ್ಚ್ 31ರಂದು ಆ ಬಾಕಿ ನಿಜಕ್ಕೂ ವಸೂಲಾಗುವಂಥದ್ದಾಗಿತ್ತು. ನಷ್ಟದ ಬೇರು ಮೇ 10ರ ಬೆಂಕಿಯಲ್ಲಿದೆ. ಹಾಗಾಗಿ 2024-25ರ ಲೆಕ್ಕದಲ್ಲಿ 8 ಲಕ್ಷ ಹಾಗೆಯೇ ನಿಲ್ಲುತ್ತದೆ, ನಷ್ಟ 2025-26ಕ್ಕೆ ಸೇರುತ್ತದೆ. ಪಟ್ಟಿಯಲ್ಲಿ ‘ಗ್ರಾಹಕ ದಿವಾಳಿ’ ಎಂದು ಕಂಡ ಕೂಡಲೇ ಹೊಂದಾಣಿಕೆಯ ನಮೂದು ಹಾಕುವವರಿದ್ದಾರೆ. ಬಹುಪಾಲು ಸಂದರ್ಭಗಳಲ್ಲಿ ಅದು ಸರಿಯೇ, ಏಕೆಂದರೆ ದಿವಾಳಿತನ ಒಂದೆರಡು ತಿಂಗಳಲ್ಲಿ ಆಗುವುದು ಅಪರೂಪ. ಆದರೂ ಚೆಕ್ಕು ವಾಪಸಾದ ದಿನಾಂಕಗಳನ್ನು ನೋಡದೆ ತೀರ್ಮಾನಿಸಬಾರದು.

ಇದರ ಪಕ್ಕದಲ್ಲೇ ಒಂದು ತಪ್ಪು ಸುಳಿಯುತ್ತಿರುತ್ತದೆ. ಇನ್ನೊಬ್ಬ ಗ್ರಾಹಕರು 3 ಲಕ್ಷದ ಬಾಕಿಯನ್ನು ಏಪ್ರಿಲ್ 15ರಂದು ಪೂರ್ತಿ ಕೊಟ್ಟರು. ಹಣ ಬಂದಿದೆಯಲ್ಲ ಎಂದು ಮಾರ್ಚ್ 31ರ ಬಾಕಿಯಿಂದ ಅದನ್ನು ಕಳೆಯುವಂತಿಲ್ಲ. ಆ ದಿನ ಬಾಕಿ 3 ಲಕ್ಷವೇ ಇತ್ತು. ಏಪ್ರಿಲ್‌ನ ಹಣ ಆ ಬಾಕಿ ನಿಜವಾದದ್ದು, ವಸೂಲಾಗುವಂಥದ್ದು ಎಂಬುದಕ್ಕೆ ಪುರಾವೆ ಮಾತ್ರ.

ದಾಸ್ತಾನಿಗೂ ಇದೇ ಪರೀಕ್ಷೆ

ಕಂಪನಿಯಲ್ಲಿ ಮಾರ್ಚ್ 31ರಂದು 600 ಉಣ್ಣೆಯ ಶಾಲುಗಳಿದ್ದವು. ಒಂದಕ್ಕೆ 1,000 ರೂಪಾಯಿಯಂತೆ ಕೊಂಡ ಬೆಲೆ 6 ಲಕ್ಷ. ಚಳಿಗಾಲ ಮುಗಿದಿತ್ತು, ವಿನ್ಯಾಸವೂ ಹಳೆಯದು. ಜೂನ್‌ನಲ್ಲಿ ಅವು 750 ರೂಪಾಯಿಗೆ ಮಾರಾಟವಾದವು, ದಲ್ಲಾಳಿಗೆ ಒಂದಕ್ಕೆ 20 ರೂಪಾಯಿ ಹೋಯಿತು. ಕೈಗೆ ಉಳಿದದ್ದು 730. ದಾಸ್ತಾನನ್ನು ಕೊಂಡ ಬೆಲೆ ಅಥವಾ ಮಾರಿದರೆ ಕೈಗೆ ಉಳಿಯುವ ಬೆಲೆ, ಇವೆರಡರಲ್ಲಿ ಕಡಿಮೆಯಾದದ್ದಕ್ಕೆ ತೋರಿಸಬೇಕು. ಆದ್ದರಿಂದ ಮಾರ್ಚ್ 31ರ ಬೆಲೆ 4,38,000 ರೂಪಾಯಿ. ಉಳಿದ 1,62,000 ರೂಪಾಯಿ ಹಳೆಯ ವರ್ಷದ್ದೇ ನಷ್ಟ. ಮೊದಲ ಕಥೆಯಲ್ಲಿ 16 ಲಕ್ಷಕ್ಕೆ ಇಳಿದಿದ್ದ ಲಾಭ ಈಗ 14,38,000 ರೂಪಾಯಿ.

ಬೆಲೆ ಕುಸಿದದ್ದು ಜೂನ್‌ನ ಮಳೆಯಲ್ಲಿ ಗೋದಾಮಿಗೆ ನೀರು ನುಗ್ಗಿ ಶಾಲುಗಳು ನೆನೆದ ಕಾರಣಕ್ಕಾಗಿದ್ದರೆ ಉತ್ತರ ತಿರುಗಿಬಿಡುತ್ತದೆ. ಮಾರ್ಚ್ 31ರಂದು ಅವು ಒಣಗಿದ, ಒಳ್ಳೆಯ ಶಾಲುಗಳೇ.

ಹಳೆಯ ದಾವೆಗಳ ವಿಷಯ ಇನ್ನೂ ಸರಳ. ಡಿಸೆಂಬರ್‌ನಲ್ಲಿ ಹೂಡಿದ ದಾವೆಗೆ 3 ಲಕ್ಷ ಅಂದಾಜಿಸಿ ಪ್ರಾವಿಜನ್ ಇಟ್ಟಿದ್ದು, ಜುಲೈನಲ್ಲಿ 4 ಲಕ್ಷಕ್ಕೆ ರಾಜಿಯಾದರೆ ಪ್ರಾವಿಜನ್ 4 ಲಕ್ಷಕ್ಕೆ ಏರುತ್ತದೆ. ಲಾಭಾಂಶ ಇದಕ್ಕೆ ತಿರುಗುಮುರುಗು: ಮಂಡಳಿ ಆಗಸ್ಟ್‌ನಲ್ಲಿ ಶಿಫಾರಸು ಮಾಡಿದ ಲಾಭಾಂಶ ಮಾರ್ಚ್ 31ರ ಸಾಲವಲ್ಲ. ಎ.ಎಸ್. 4ರಲ್ಲಿ ಮೊದಲು ಅದನ್ನೂ ಲೆಕ್ಕಕ್ಕೆ ಸೇರಿಸುವ ಕ್ರಮವಿತ್ತು, 2016ರ ತಿದ್ದುಪಡಿ ಅದನ್ನು ಕೈಬಿಟ್ಟಿತು. ಈಗ ಟಿಪ್ಪಣಿಯಲ್ಲಿ ತಿಳಿಸಿದರೆ ಸಾಕು.

ಒಂದು ನಿಜ ಸಂದರ್ಭ

ಈ ಪರೀಕ್ಷೆಯನ್ನು ಜಗತ್ತಿನ ಲೆಕ್ಕಿಗರೆಲ್ಲ ಒಟ್ಟಿಗೆ ಎದುರಿಸಿದ್ದು ಕೋವಿಡ್ ಕಾಲದಲ್ಲಿ. 2019ರ ಡಿಸೆಂಬರ್ 31ಕ್ಕೆ ವರ್ಷ ಮುಗಿಸುವ ವಿದೇಶಿ ಕಂಪನಿಗಳಿಗೆ ಅದು ಸಾಮಾನ್ಯವಾಗಿ ಹೊಂದಾಣಿಕೆ ಬೇಡದ ಘಟನೆಯಾಯಿತು. ಸೋಂಕು ಹರಡಿದ್ದು, ಮಾರುಕಟ್ಟೆಗಳು ಮುಚ್ಚಿದ್ದು ಆಮೇಲೆ. ನಮ್ಮ ಕಂಪನಿಗಳ ವರ್ಷ ಮುಗಿದದ್ದು 2020ರ ಮಾರ್ಚ್ 31ಕ್ಕೆ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಜಾಗತಿಕ ಪಿಡುಗು ಎಂದು ಕರೆದದ್ದು ಮಾರ್ಚ್ 11ರಂದು, ದೇಶದಲ್ಲಿ ಲಾಕ್‌ಡೌನ್ ಶುರುವಾದದ್ದು 25ರಂದು. ಸ್ಥಿತಿ ವರ್ಷದೊಳಗೇ ಹುಟ್ಟಿತ್ತು. ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ತಿಳಿದುಬಂದ ವಸೂಲಾಗದ ಬಾಕಿ, ಮಾರಾಟವಾಗದ ದಾಸ್ತಾನುಗಳನ್ನು ಆ ಕಣ್ಣಿನಿಂದಲೇ ಪರಿಶೀಲಿಸಬೇಕಾಯಿತು.

ಅಂಕಿ ತಿದ್ದದಿದ್ದರೂ ತಿಳಿಸಬೇಕಾದದ್ದು

ಜೂನ್ 12ರಂದು ನಮ್ಮ ಹುಬ್ಬಳ್ಳಿ ಕಂಪನಿಯ ಗೋದಾಮಿಗೇ ಬೆಂಕಿ ಬಿದ್ದು 25 ಲಕ್ಷದ ಮಾಲು ಸುಟ್ಟಿತು ಎಂದಿಟ್ಟುಕೊಳ್ಳಿ. ಮಾರ್ಚ್ 31ರ ದಾಸ್ತಾನು ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಆದರೆ 14 ಲಕ್ಷ ಲಾಭದ ಲೆಕ್ಕ ಓದುವ ಬ್ಯಾಂಕಿನವರಿಗೆ, ಷೇರುದಾರರಿಗೆ 25 ಲಕ್ಷದ ಬೆಂಕಿಯನ್ನು ಹೇಳದಿದ್ದರೆ ಅವರನ್ನು ತಪ್ಪು ದಾರಿಗೆ ಕಳುಹಿಸಿದಂತೆ. ಎ.ಎಸ್. 4ರ ಪ್ರಕಾರ ಇದನ್ನು ಮಂಡಳಿಯ ವರದಿಯಲ್ಲಿ ತಿಳಿಸಬೇಕು. 2013ರ ಕಂಪನಿ ಕಾಯ್ದೆಯ 134ನೇ ಸೆಕ್ಷನ್ ಕೂಡ ವರ್ಷಾಂತ್ಯ ಮತ್ತು ವರದಿಯ ನಡುವಿನ ಮಹತ್ವದ ಬದಲಾವಣೆಗಳನ್ನು ಅಲ್ಲಿ ಕೇಳುತ್ತದೆ. ಇಂಡ್ ಎ.ಎಸ್. 10 ಪಾಲಿಸುವವರು ಲೆಕ್ಕದ ಟಿಪ್ಪಣಿಗಳಲ್ಲೇ ಬರೆಯಬೇಕು. ಎರಡು ವಿಷಯ ಇರಲೇಬೇಕು: ಏನಾಯಿತು, ಹಣದಲ್ಲಿ ಪರಿಣಾಮ ಎಷ್ಟು. ಅಂದಾಜು ಸಾಧ್ಯವಿಲ್ಲದಿದ್ದರೆ ಸಾಧ್ಯವಿಲ್ಲವೆಂದೇ ಬರೆಯಬೇಕು. ಮಾದರಿ ಹೀಗೆ:

“ವರ್ಷ ಮುಗಿದ ನಂತರ, 12-06-2025ರಂದು ಕಂಪನಿಯ ಗೋದಾಮಿನಲ್ಲಿ ಬೆಂಕಿ ಆಕಸ್ಮಿಕ ಸಂಭವಿಸಿ ಅಂದಾಜು 25 ಲಕ್ಷ ರೂಪಾಯಿ ಮೌಲ್ಯದ ದಾಸ್ತಾನು ನಾಶವಾಗಿದೆ. ವಿಮಾ ಕ್ಲೇಮು ಸಲ್ಲಿಸಲಾಗಿದ್ದು, ಸರ್ವೇಯರ್ ವರದಿ ಬರಬೇಕಿದೆ. ಈ ನಷ್ಟವನ್ನು 31-03-2025ಕ್ಕೆ ಮುಗಿದ ವರ್ಷದ ಲೆಕ್ಕದಲ್ಲಿ ಸೇರಿಸಿಲ್ಲ.”

‘ಕೆಲವು ನಷ್ಟಗಳಾಗಿದ್ದು ವ್ಯವಹಾರ ಎಂದಿನಂತೆ ನಡೆಯುತ್ತಿದೆ’ ಎಂಬಂಥ ಸಾಲುಗಳನ್ನು ನಾನು ಒಪ್ಪುವುದಿಲ್ಲ. ದಿನಾಂಕವಿಲ್ಲ, ಮೊತ್ತವಿಲ್ಲ, ಓದುವವರಿಗೆ ಏನೂ ದಕ್ಕುವುದಿಲ್ಲ.

ಕೊನೆಯದಾಗಿ ನೋಡಬೇಕಾದ ಅಪವಾದ

ಕಾರಣ ಯಾವಾಗ ಹುಟ್ಟಿತು ಎಂಬ ಪ್ರಶ್ನೆ ಸೋಲುವ ಜಾಗ ಒಂದಿದೆ. ಜೂನ್‌ನ ಬೆಂಕಿಯಲ್ಲಿ ದಾಸ್ತಾನಿನ ಜೊತೆಗೆ ಕಂಪನಿಯೇ ನೆಲಕಚ್ಚಿತು, ವಿಮೆ ಸಿಗುವುದಿಲ್ಲ, ವ್ಯವಹಾರ ಮುಚ್ಚದೆ ಬೇರೆ ದಾರಿಯಿಲ್ಲ ಎಂದು ಆಗಸ್ಟ್ 20ಕ್ಕೆ ಮೊದಲೇ ಮಂಡಳಿಗೆ ಖಚಿತವಾದರೆ, ಬೆಂಕಿ ಆಮೇಲೆ ಬಿದ್ದದ್ದು ಎಂಬ ವಾದ ನಿಲ್ಲುವುದಿಲ್ಲ. ಲೆಕ್ಕಪತ್ರ ತಯಾರಾಗುವುದೇ ವ್ಯಾಪಾರ ಮುಂದುವರಿಯುತ್ತದೆ ಎಂಬ ನಂಬಿಕೆಯ ಮೇಲೆ. ಆ ನಂಬಿಕೆ ಬಿದ್ದರೆ ಒಂದೆರಡು ನಮೂದುಗಳಿಂದ ಸರಿಹೋಗುವುದಿಲ್ಲ. ಯಂತ್ರ, ಪೀಠೋಪಕರಣ, ದಾಸ್ತಾನು, ಬಾಕಿಗಳನ್ನು ಈಗ ಮಾರಿದರೆ, ವಸೂಲು ಮಾಡಿದರೆ ಎಷ್ಟು ಬರುತ್ತದೆ ಎಂಬ ಲೆಕ್ಕದಲ್ಲಿ ಮತ್ತೆ ತೂಗಿ, 2024-25ರ ಪತ್ರಗಳನ್ನು ಬೇರೆ ಆಧಾರದ ಮೇಲೆ ಪೂರ್ತಿಯಾಗಿ ಮರುರೂಪಿಸಬೇಕಾಗುತ್ತದೆ, ಆ ಆಧಾರ ಯಾವುದೆಂದು ಟಿಪ್ಪಣಿಯಲ್ಲಿ ಹೇಳಬೇಕಾಗುತ್ತದೆ. ಆದ್ದರಿಂದ ಮಂಡಳಿಯ ಸಭೆಗೆ ಕಡತ ಒಯ್ಯುವ ಮುನ್ನ ಮುಂದಿನ ಹನ್ನೆರಡು ತಿಂಗಳ ಹಣದ ಹರಿವಿನ ಅಂದಾಜೊಂದನ್ನು ಮಾಡಿಟ್ಟುಕೊಳ್ಳಿ. ಲೆಕ್ಕಪರಿಶೋಧಕರು ಅದನ್ನು ಕೇಳಿಯೇ ಕೇಳುತ್ತಾರೆ.