ದೋಸ್ತನ ಕೈಗಡ ಪಿಗ್ಮಿಯಿಂದ ವಸೂಲಾತು: ನನ್ನ ಅನುಭವ

ಕಡೀಗೂ ಬಂತ್ರಿ ರೊಕ್ಕ. 90 ಸಾವಿರ, ಕೋರ್ಟ್ ಮೆಟ್ಟಲಾ ಹತ್ತದಂಗ, ಮಾತು ಬಿಡದಂಗ. ಪಿಗ್ಮಿಯವ್ನ ಹಚ್ಚಿ ದೋಸ್ತನ ಕಡಿಂದ ಸಾಲಾ ವಸೂಲ ಮಾಡ್ತಾನಂತ, ಮಾನ ಐತೇನು ಇವಂಗ ಅಂತ ಕಟ್ಟೀ ಮ್ಯಾಲ ಕುಂತು ನಕ್ಕಿದ್ರಲ್ಲ, ಅವ್ರೊಳಗ ಇಬ್ಬರು ಈಗ ನನ್ನ ಅಂಗಡಿಗೆ ಬಂದು "ಹೆಂಗ ಮಾಡ್ದೀಪಾ" ಅಂತ ಕೇಳಾಕತ್ತಾರ, ಅದಕ್ಕ ಬರ್ಯಾಕತ್ತೀನಿ. ಕೈಗಡ ಕೊಟ್ಟು ಕುಂತವ್ರಿಗೆ ಉಳದದ್ದೆಲ್ಲಾ ಗೊತ್ತೇ ಇರ್ತೈತಿ, ಅದನ್ನ ಹೇಳಾಂಗಿಲ್ಲ.

ಜಮಖಂಡ್ಯಾಗ ನಂದು ಮೋಟರ್ ರಿವೈಂಡಿಂಗ್ ಅಂಗಡಿ, ಅಂವಂದು ರೊಟ್ಟಿ ಖಾನಾವಳಿ. ಒಂದನೇತ್ತೇದಿಂದ ಕೂಡಿ ಕಲ್ತವ್ರು. ಖಾನಾವಳಿ ಹಿಂದ ಶೆಡ್ ಹಾಕ್ತೀನಿ, ಕಬ್ಬಿನ ಹಂಗಾಮದಾಗ ಟ್ರ್ಯಾಕ್ಟರ್ ಡ್ರೈವರ್‌ಗೋಳು, ಕಡಿಯೋ ಗ್ಯಾಂಗಿನವ್ರು ಊಟಕ್ಕ ಬರ್ತಾರ, ನಾಕ ತಿಂಗಳಾಗ ಮುಟ್ಟಸ್ತೀನಿ ಅಂದ. ನನ್ನ ಕಡೆ ಕೈಯಾಗ 30 ಸಾವಿರ ಇತ್ತು. ಉಳದ 60ಕ್ಕ ಮನ್ಯಾಕಿ ಬೋರಮಾಳ ಸರ ಸೊಸಾಯಿಟಿಯೊಳಗ ಒತ್ತಿ ಇಟ್ಟೆ, ನೂರಕ್ಕ ಒಂದ್ರೂಪಾಯಿ ಬಡ್ಡಿ. ಅಂದ್ರ ತಿಂಗಳಿಗೆ 600. ಅಂವನ ಕಡಿಂದ ಬಡ್ಡಿ ತಗೋಳೂದಿಲ್ಲ ಅಂತ ನಾನ ಹೇಳಿದ್ದೆ, ಅದು ಬ್ಯಾರೆ ಮಾತು.

ಹಂಗಾಮ ಬಂತು, ಹೋತು. ಆಮ್ಯಾಲ ಇನ್ನೊಂದು ಹಂಗಾಮ. ಮೊದಲ ವರ್ಷದಾಗ ಒಟ್ಟ ಎರಡು ಸಾವಿರದಷ್ಟು ಕೊಟ್ಟಿರಬೇಕು, ಅದೂ ಹಬ್ಬದ ಹೊತ್ತಿನ್ಯಾಗ ನಾ ಬಾಯಿ ತೆಗದದ್ದಕ್ಕ.

90 ಸಾವಿರ ಹೋತು ಅಂತ ಸಿಟ್ಟ ಬರಂಗಿಲ್ರಿ, ಖರೆ ಹೇಳಬೇಕಂದ್ರ ಸಿಟ್ಟ ಬಂದದ್ದು ಆ 600ಕ್ಕ. ತಿಂಗಳಾ ತಿಂಗಳಾ ಸೊಸಾಯಿಟಿ ಕೌಂಟರ್ ಮುಂದ ನಿಂತು ಬಡ್ಡಿ ಕಟ್ಟಿ ಪಾವತಿ ತಗೊಂಡು ಹೊರಗ ಬರೂವಾಗ ಅಂವನ ಮಾರಿ ಕಣ್ಮುಂದ ಬರ್ತಿತ್ತು. ಅಂವ ಐಪಿಎಲ್ ಟೈಮಿಗೆ ಖಾನಾವಳಿಯೊಳಗ ದೊಡ್ಡ ಟಿವಿ ತಂದು ಹಾಕ್ದ. ಎಲ್ಲಾರೂ ಮ್ಯಾಚ್ ನೋಡಾಕತ್ತಿದ್ರ ನಾ ಆ ಟಿವಿ ರೇಟು ಎಷ್ಟಿರಬೇಕು, ಅದ್ರಾಗ ನನ್ನ ಬೋರಮಾಳದ ಪಾಲು ಎಷ್ಟು ಅಂತ ಲೆಕ್ಕಾ ಹಾಕ್ತಿದ್ದೆ. ವೈನಿ ಹೊಸಾ ಇಳಕಲ್ ಸೀರಿ ಉಟ್ಟಿದ್ರ ಅದರದೂ ಲೆಕ್ಕಾ. ಬರಬರ್ತಾ ಅಂವನ ರೊಟ್ಟಿ ದಪ್ಪ ಆತು, ಝುಣಕದಾಗ ಖಾರ ಇಲ್ಲ ಅಂತ ಮಂದಿ ಮುಂದ ಹೇಳಾಕ ಹತ್ತಿದೆ. ಅತ್ತಾಗ ಅಂವನೂ ಫೋನ್ ಎತ್ತೂದು ಬಿಟ್ಟ, ಯಾಕಂದ್ರ ನನ್ನ ಹೆಸರು ಸ್ಕ್ರೀನ್ ಮ್ಯಾಲ ಬಂದ್ರ ರೊಕ್ಕದ ಸುದ್ದೀನ ಅಂತ ಅಂವಂಗ ಅನಸ್ತಿತ್ತು. "ಅಂವ ಈಗ ದೊಡ್ಡ ಮನಷ್ಯಾ ಆಗ್ಯಾನ, ಈ ಕಡೆ ಬರಂಗೇ ಇಲ್ಲ" ಅಂತ ಅಂವ ಮಂದಿ ಮುಂದ ಹೇಳ್ಕೋತ ಅಡ್ಡಾಡ್ದ. ಸಾಲ ತಗೊಂಡವ್ಗೂ ನನ್ನ ಮ್ಯಾಲ ಸಿಟ್ಟ! ಇಬ್ಬರೂ ಎದುರು ಸಿಕ್ರ ಮಾತ್ರ "ಆರಾಮೇನು ದೋಸ್ತ", "ಆರಾಮ".

ವಸೂಲಿಗೆ ಮಾಡಿದ್ದು ಒಂದೆರಡಲ್ಲ. ಹಿರ್ಯಾರನ್ನ ಕುಂಡ್ರಿಸಿ ಹೇಳಿಸಿದೆ, ಅಲ್ಲೆ ಹೂಂ ಅಂದ, ಮನೀಗೆ ಹೋಗಿ ಮರ್ತ. ಆಮ್ಯಾಲ ಊಟದಾಗ ಮುರ್ಕೊಳೂಣು ಅಂತ ದಿನಾ ಮಧ್ಯಾಹ್ನ ಅಂವನ ಕಡೇನ ಊಟಕ್ಕ ಹೋಗಾಕ ಹತ್ತಿದೆ. ಸಣ್ಣ ವಹಿಯೊಳಗ ಊಟಕ್ಕ 80 ರೂಪಾಯಿ ಅಂತ ಬರಕೋತ ಬಂದೆ. ನಾಕ ಸಾವಿರದ ಹತ್ರ ಆದಾಗ ಆ ವಹಿ ತೋರಿಸಿದ್ರ "ಏ, ಅದು ನಾ ದೋಸ್ತಗ ಉಣಿಸಿದ್ದಲೇ, ಅದ್ರಾಗೂ ಲೆಕ್ಕಾ ಇಡ್ತೀ?" ಅಂದುಬಿಟ್ಟ. ಅಂವನ ಲೆಕ್ಕದಾಗ ಅದು ಪ್ರೀತಿ, ನನ್ನ ಲೆಕ್ಕದಾಗ ವಸೂಲಿ. ಹಿಂಗ ಮುರ್ಕೊಳ್ಳೂದಿದ್ರ ಮೊದಲನೇ ಊಟಕ್ಕ ಮೊದ್ಲ ಬಾಯಿಬಿಟ್ಟು ಮಾತಾಡಿರಬೇಕು, ಇಲ್ಲಂದ್ರ ತಿಂದದ್ದು ತಿಂದಂಗ, ಸಾಲ ಇದ್ದಂಗ.

ನಡುವ ಒಂದು ಚಾಷ್ಟಿ ಮಾಡಿ ನೋಡ್ದೆ. ನಾನ ಹೋಗಿ "ದೋಸ್ತ, ಅರ್ಜೆಂಟ್ ಐತಿ, ಎರಡು ಸಾವಿರ ಕೊಡು" ಅಂದೆ. ಕೊಟ್ಟ. ವಾರ ಆಗೂದ್ರಾಗ ಎರಡು ಸಲ ಫೋನ್ ಮಾಡಿ ವಾಪಸ್ ಕೇಳ್ದ! ನಾ ಕೊಟ್ಟೂ ಬಿಟ್ಟೆ, ಯಾಕಂದ್ರ ನನಗ ಬೇಕಾದದ್ದು ಸಿಕ್ಕಿತ್ತು. ಅಂವಂಗ ರೊಕ್ಕದ ನೆನಪು ಇಲ್ಲ ಅಂತಲ್ಲ, ದಿನದ ಗಲ್ಲಾದ ಲೆಕ್ಕಾ ಅಂವನ ತಲ್ಯಾಗ ಗಟ್ಟಿ ಐತಿ, 90 ಸಾವಿರ ಅಂಬೋದು ಮಾತ್ರ ಅಂವಂಗ ಗುಡ್ಡದಂಗ ಕಾಣಸ್ತೈತಿ, ಅದಕ್ಕ ಆ ಕಡೆ ನೋಡೂದನ್ನ ಬಿಟ್ಟಾನ. ಪಿಗ್ಮಿ ತಲೀಗೆ ಬಂದದ್ದು ಅವತ್ತ.

ಮೊದಲನೇ ಸಲ ಪಿಗ್ಮಿ ಖಾತೆ ಅಂವನ ಹೆಸರಲೇನ ತೆಗಸಿದೆ. ವರ್ಷ ತುಂಬಿದ ಮ್ಯಾಲ ತೆಗದು ನನಗ ಕೊಡಬೇಕು ಅಂತ ಮಾತು. ಮೂರ್ನಾಕು ತಿಂಗಳು ಚಂದ ತುಂಬಿದ. ಆಮ್ಯಾಲ ಗೊತ್ತಾತು, ಅದ ಪಿಗ್ಮಿ ಮ್ಯಾಲ ಸೊಸಾಯಿಟಿಯೊಳಗ ಸಾಲಾ ತಗೊಂಡು ಫ್ರಿಜ್ ತಂದಾನ. ಪಿಗ್ಮಿ ಮ್ಯಾಲ ಸಾಲ ಕೊಡ್ತಾರ ಅಂಬೋದು ನಿಮಗೆಲ್ಲಾ ಗೊತ್ತೇ ಐತಿ. ಕಟ್ಟಿಯವ್ರು ಭಾಳ ನಕ್ಕದ್ದು ಆವಾಗ.

ಎರಡನೇ ಸಲ ಖಾತೆ ನನ್ನ ಹೆಸರಲೆ. ಆಧಾರ್, ಫೋಟೊ, ಮೊಬೈಲ್ ನಂಬರ್ ಎಲ್ಲಾ ನಂದು, ಏಜೆಂಟ್ ಮಾತ್ರ ರೊಕ್ಕ ತಗೋಳಾಕ ಹೋಗೂದು ಅಂವನ ಖಾನಾವಳಿಗೆ. ಹಂಗಾಮದಾಗ ದಿನಕ್ಕ 200, ಮಳಿಗಾಲದಾಗ ಗಿರಾಕಿ ಕಡಿಮಿ, ಅದಕ್ಕ 100. ಈ ಎರಡು ರೇಟ್ ಇಟ್ಟದ್ದ ದೊಡ್ಡ ಕೆಲಸ ಆತು ನೋಡ್ರಿ. ವರ್ಷಪೂರ್ತಿ 150 ಅಂತ ಇಟ್ಟಿದ್ರ ಲೆಕ್ಕಾ ಅಷ್ಟೇ ಬರ್ತಿತ್ತು, ಆದ್ರ ಜುಲೈ ತಿಂಗಳದಾಗ ಒಂದು ವಾರ ತಪ್ಪತಿತ್ತು, ಒಂದು ವಾರ ತಪ್ಪಿದವ ಮುಂದ ಏಜೆಂಟನ್ನ ಕಂಡ್ರ ಹಿಂದಿನ ಬಾಗಲಿಂದ ಹೊರಗ ಹೋಗ್ತಾನ.

ಏಜೆಂಟ್ ಕಡಿಂದ ಯಾಕ ಬರ್ತೈತಿ, ನನ್ನ ಕಡಿಂದ ಯಾಕ ಬರಾಂಗಿಲ್ಲ ಅಂದ್ರ, ಅಂವಂಗ ತುಂಬಿಸಿದ್ದರ ಮ್ಯಾಲ ಕಮಿಷನ್ ಐತಿ, ಅದಕ್ಕ ದಿನಾ ಬರ್ತಾನ, ನಗಕೋತ ಬರ್ತಾನ, ಬ್ಯಾಸರ ಮಾಡ್ಕೊಳಂಗಿಲ್ಲ. ಸಾಲು ಅಂಗಡಿಯವ್ರೆಲ್ಲಾ ಅಂವನ ಮುಂದ ಗಲ್ಲಾ ತೆಗಿಯೂವಾಗ ನನ್ನ ದೋಸ್ತ ಒಬ್ಬನ ಇಲ್ಲ ಅನ್ನಾಕ ಬರಾಂಗಿಲ್ಲ. 200 ರೂಪಾಯಿ ಅಂದ್ರ ಎರಡೂವರಿ ಊಟ, ಮಧ್ಯಾಹ್ನದ ಗದ್ದಲದಾಗ ಹೋದದ್ದೂ ಗೊತ್ತಾಗಾಂಗಿಲ್ಲ. ಏಜೆಂಟ್ ಯಾವ ಟೈಮಿಗೆ ಹೋಗಬೇಕು ಅಂತ ನಾ ಅಂವಂಗ ಹೇಳಿ ಇಟ್ಟಿದ್ದೆ, ಅವಾಗ ಗಲ್ಲಾ ಮ್ಯಾಲ ಯಾರು ಕುಂತಿರ್ತಾರ ಅಂತ ನೋಡ್ಕೊಂಡು. ವೈನಿಗೆ ಈ ಸಾಲದ ಸುದ್ದಿ ಮೊದ್ಲ ಗೊತ್ತಿರಲಿಲ್ಲ. ಅಕೀಗೆ ನಾ ಏನ ಹೇಳ್ದೆ, ಹೆಂಗ ಹೇಳ್ದೆ ಅಂಬೋದನ್ನ ಮಾತ್ರ ಇಲ್ಲೆ ಬರ್ಯಾಂಗಿಲ್ಲ, ಕೇಳಬ್ಯಾಡ್ರಿ.

ದಿನಾ ಸಂಜೀಕ ನನ್ನ ಮೊಬೈಲಿಗೆ ಸೊಸಾಯಿಟಿ ಮೆಸೇಜ್. ಮೊದಮೊದಲು ಮೆಸೇಜ್ ಬರೂತನಾ ಫೋನ್ ನೋಡ್ಕೋತ ಕುಂಡ್ರತಿದ್ದೆ, ಒಂದೆರಡು ತಿಂಗಳ ಮ್ಯಾಲ ನೋಡೂದ ಬಿಟ್ಟೆ. ಟಿವಿ ರೇಟಿನ ಲೆಕ್ಕಾನೂ ತಲಿಯಿಂದ ಹೋತು. ನಾ ಕೇಳೂದು ನಿಂತ ಮ್ಯಾಲ ಅಂವ ಫೋನ್ ಎತ್ತಾಕ ಹತ್ತಿದ, ಮಾತಾಡೂವಾಗ ರೊಕ್ಕದ ಸುದ್ದಿ ತಗೀಬಾರ್ದು ಅಂತ ಇಬ್ಬರೂ ಹೇಳ್ದೇನ ಠರಾವು ಮಾಡ್ಕೊಂಡಂಗ ಆಗಿತ್ತು.

ಕಾಗದದ ಮಾತು ಒಂದು ಐತಿ, ಇದನ್ನ ಬಿಡಬ್ಯಾಡ್ರಿ. ನನ್ನ ಕಡೆ ಬೋರ್‌ವೆಲ್ ಮೋಟರ್ ರಿಪೇರಿಗೆ ಬರೋ ವಕೀಲರೊಬ್ಬರು ಹೇಳಿದ್ದು. ಕೊಟ್ಟ ಸಾಲಕ್ಕ ದಾವೆ ಹಾಕಾಕ ಮುದತಿ 3 ವರ್ಷ, ವಾಪಸ್ ಕೊಡೋ ತೇದಿ ಏನೂ ಬರದಿರದಿದ್ರ ಕೊಟ್ಟ ದಿನದಿಂದ ಎಣಸ್ತಾರ. ಆ 3 ವರ್ಷ ಮುಗಿಯೂದ್ರಾಗ ಸಾಲಗಾರ ಸಾಲ ಐತಿ ಅಂತ ಬರದು ಸಹಿ ಮಾಡಿದ್ರ ಆ ದಿನದಿಂದ ಮತ್ತ ಹೊಸಾ 3 ವರ್ಷ. ನಂದು ಆವಾಗಲೇ ಎರಡೂವರಿ ವರ್ಷ ದಾಟಿತ್ತು. ಮತ್ತೊಂದು, ಖಾತೆ ನನ್ನ ಹೆಸರಲೆ ಇದ್ದದ್ದಕ್ಕ ಆ ರೊಕ್ಕ ಅಂವ ತುಂಬ್ಯಾನ ಅಂತ ಸೊಸಾಯಿಟಿ ಪುಸ್ತಕದಾಗ ಎಲ್ಲೂ ಬರಂಗಿಲ್ಲ. ನಾಳೆ ಅಂವ "ನಾ ಎಲ್ಲಾ ಕೊಟ್ಟೀನಿ" ಅಂದ್ರ ನನಗ ತ್ರಾಸು, ನಾ "ಏನೂ ಕೊಟ್ಟಿಲ್ಲ" ಅಂದ್ರ ಅಂವಂಗ ತ್ರಾಸು. ಅದಕ್ಕ ಒಂದು ಪಾಕೆಟ್ ಡೈರಿ ಮಾಡಿ, ಅಮಾಸಿ ದಿನ ಖಾನಾವಳಿ ಬಂದ್ ಇರ್ತೈತಲ್ಲ, ಅವತ್ತ ಹೋಗಿ ಅಂವನ ಕೈಲೆ "ಕೈಗಡದ ಪೈಕಿ ಈ ತಿಂಗಳು ಇಷ್ಟು ಮುಟ್ಟಿಸೀನಿ, ಇನ್ನ ಇಷ್ಟು ಬಾಕಿ" ಅಂತ ಬರಸಿ ತೇದಿ ಹಾಕಿ ಸಹಿ ಮಾಡಸ್ತಿದ್ದೆ. ಒಂದು ಸಹಿ ಅಂವಂದು, ಒಂದು ನಂದು. "ನಿನಗೂ ಪಾವತಿ ಬೇಕಲ್ಲೋ" ಅಂದಿದ್ದಕ್ಕ ಒಪ್ಪಿದ. ಸಾಲದ ಪತ್ರ ಬರಕೊಡು ಅಂದಿದ್ರ ಕುರ್ಚಿ ಬಿಟ್ಟು ಎದ್ದು ಹೋಗ್ತಿದ್ದ.

ಮೊದಲ ವರ್ಷ ತುಂಬಿದಾಗ 44 ಸಾವಿರದ ಹತ್ರ ಆತು, ಬಡ್ಡಿ ಅಂಬೋದು ಹೆಸರಿಗಷ್ಟ. ಅವತ್ತ ಖಾತೆ ಮುಚ್ಚಿ ಸೀದಾ ಬಂಗಾರದ ಕೌಂಟರಿಗೆ ಹೋಗಿ ಮ್ಯಾಲ ನನ್ನದೊಂದಿಷ್ಟು ಹಾಕಿ ಬೋರಮಾಳ ಬಿಡಿಸ್ಕೊಂಡು ಬಂದೆ. ಮನ್ಯಾಕಿ ಸರಾ ತಗೊಂಡು ಕಪಾಟಿನ್ಯಾಗ ಇಟ್ಟು ಕೀಲಿ ಹಾಕಿ ಕೀಲಿ ತನ್ನ ಸೊಂಟಕ್ಕ ಸಿಕ್ಕಿಸ್ಕೊಂಡ್ಳು, ಇನ್ನ ಮ್ಯಾಲ ಆ ಕೀಲಿ ನನಗ ಸಿಗೂದಿಲ್ಲ. ಎರಡನೇ ವರ್ಷದ ಪಿಗ್ಮಿಯೊಳಗ ಉಳದದ್ದು ಬಂತು. ಈ ಎಲ್ಲಾದರ ನಡುವ ಬಂಗಾರಕ್ಕ ನಾ ಕಟ್ಟಿದ ಬಡ್ಡಿ 24 ಸಾವಿರಕ್ಕಿಂತ ಹೆಚ್ಚಾಗೈತಿ, ಅದು ಯಾವ ಡೈರಿಯೊಳಗೂ ಇಲ್ಲ. ಅದನ್ನ ನೆನಸಿದ್ರ ಈಗೂ ಸ್ವಲ್ಪ ಉರಿತೈತಿ, ಸುಳ್ಳ ಯಾಕ ಹೇಳ್ಲಿ.

ವರ್ಷಕ್ಕೊಮ್ಮೆ ತೆಗದುಬಿಡ್ರಿ, ಬೆಳಸ್ಕೋತ ಕುಂಡ್ರಬ್ಯಾಡ್ರಿ. ಬ್ಯಾಂಕಿನ ಠೇವಣಿಗೆ ಇರೋ 5 ಲಕ್ಷದ ವಿಮೆ ಪತ್ತಿನ ಸೊಸಾಯಿಟಿಗೆ ಇಲ್ಲ. ಮೆಸೇಜ್ ಬಂದ್ರೂ ತಿಂಗಳಿಗೊಮ್ಮೆ ಪಾಸ್‌ಬುಕ್ ಎಂಟ್ರಿ ಹಾಕಿಸಿ ಡೈರಿಗೆ ತಾಳೆ ನೋಡ್ರಿ, ಏಜೆಂಟ್ ಎಷ್ಟ ಒಳ್ಳೆಯವ ಇದ್ರೂ.

ಇದು ದಿನದ ಗಲ್ಲಾ ಇದ್ದವ್ರಿಗಷ್ಟ ನಡೀತೈತಿ. ನಮ್ಮ ಕಟ್ಟಿಯವ ಒಬ್ಬ ಪಗಾರದ ದೋಸ್ತನ ಮ್ಯಾಲ ಇದನ್ನ ಮಾಡಾಕ ಹೋದ, ಒಂದನೇ ತಾರೀಖಿಗೆ ಬಂದ ಪಗಾರ ಹತ್ತರೊಳಗ ಖಾಲಿ, ಏಜೆಂಟ್ ಇಪ್ಪತ್ತು ದಿನ ಸುಮ್ನ ತಿರುಗಿದ. ಕಬ್ಬಿನ ಬಿಲ್ಲಿನ ಮ್ಯಾಲ ಇದ್ದವ್ರಿಗಂತೂ ಆಗೂದೇ ಇಲ್ಲ, ಅವ್ರಿಗೆ ವರ್ಷದಾಗ ಒಮ್ಮೆ ರೊಕ್ಕ ಬರ್ತೈತಿ, ಬರೂದಕ್ಕ ಮೊದ್ಲ ಹತ್ತು ಮಂದಿ ಕಾಯ್ಕೋತ ಕುಂತಿರ್ತಾರ. ನನ್ನ ಮಾವನ ಮಗ ಒಬ್ಬ 25 ಸಾವಿರ ಇಟ್ಕೊಂಡಾನ, ಹೊಲದಾಗ ಎರಡು ಎಮ್ಮಿ ಅದಾವ, ಡೇರಿಯವ್ರು ಅಂವಂಗ ಹತ್ತು ದಿನಕ್ಕೊಮ್ಮೆ ಹಾಲಿನ ಬಿಲ್ ಕೊಡ್ತಾರ. ಆ ಬಿಲ್ಲಿನ್ಯಾಗಿಂದ ಹೆಂಗ ಹಿಡೀಬೇಕು ಅಂತ ಡೇರಿ ಸೆಕ್ರೆಟರಿ ಕಡೆ ಮಾತು ನಡದೈತಿ, ಈಗಷ್ಟ ಒಂದು ಎಮ್ಮಿ ಗಬ್ಬ ಆಗೈತಂತ, ಹಾಲು ಬರೂತನಾ ಕಾಯಬೇಕು.