ಹೊಸಪೇಟೆ ಯಾವ ಜಿಲ್ಲೆಯಲ್ಲಿದೆ? ಸಿದ್ಧ ವರದಿಯನ್ನು ನಾನು ಪರಿಶೀಲಿಸುವ ಬಗೆ

"ಎಲ್ಲ ಮುಗಿದಿದೆ, ಒಮ್ಮೆ ಕಣ್ಣಾಡಿಸಿ ಕೊಡಿ" ಎಂದು ಬರುವ ವರದಿಯನ್ನು ನಾನು ಮೊದಲ ಪುಟದಿಂದ ಕೊನೆಯವರೆಗೆ ಓದುವುದು ಒಂದೇ ಸಲ, ಅದೂ ಅದರಲ್ಲಿ ಏನಿದೆ ಎಂದು ತಿಳಿಯಲು. ಆಮೇಲಿನ ಸುತ್ತುಗಳಲ್ಲಿ ಓದುವುದಿಲ್ಲ, ಹುಡುಕುತ್ತೇನೆ. ಒಂದು ಸುತ್ತಿನಲ್ಲಿ ಹೆಸರು ಮಾತ್ರ, ಇನ್ನೊಂದರಲ್ಲಿ ಇಸವಿ ಮಾತ್ರ, ಮತ್ತೊಂದರಲ್ಲಿ ಅಂಕಿ ಮಾತ್ರ, ಕೊನೆಗೆ ಕಾಗುಣಿತ. ನಾಲ್ಕನ್ನೂ ಒಟ್ಟಿಗೆ ನೋಡಲು ಹೊರಟರೆ ವಾಕ್ಯದ ಅರ್ಥ ಕಣ್ಣನ್ನು ಮುಂದಕ್ಕೆ ಎಳೆದುಕೊಂಡು ಹೋಗುತ್ತದೆ. ಹದಿನೆಂಟನೆಯ ಪುಟದಲ್ಲಿ "ಸಂಡೂರು", ಐವತ್ತೆರಡರಲ್ಲಿ "ಸೊಂಡೂರು" ಎಂದಿರುವುದು ಆಗ ಕಾಣುವುದೇ ಇಲ್ಲ.

ಈ ಕ್ರಮವನ್ನು ಒಂದು ವರದಿಯ ಮೂಲಕವೇ ಹೇಳುತ್ತೇನೆ. ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳ ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಗ್ರಂಥಾಲಯ ನಡೆಸುವ ಸಂಸ್ಥೆಯೊಂದು 2017-18ರಿಂದ 2022-23ರವರೆಗಿನ ತನ್ನ ಕೆಲಸದ ವರದಿಯನ್ನು ಸಿದ್ಧಪಡಿಸಿತ್ತು. ಸಂಸ್ಥೆಯ ಹೆಸರು ಹೇಳುವುದಿಲ್ಲ, ಅಂಕಿಗಳನ್ನೂ ಬದಲಿಸಿದ್ದೇನೆ. ಲೆಕ್ಕದ ರೀತಿ ಮಾತ್ರ ಇದ್ದದ್ದು ಇದ್ದಂತೆ ಇದೆ.

ಮೊದಲ ಕೆಲಸ ಒಂದು ಹೆಸರುಪಟ್ಟಿ. ವರದಿಯಲ್ಲಿ ಬರುವ ಪ್ರತಿ ಊರು, ವ್ಯಕ್ತಿ, ಇಲಾಖೆ, ಯೋಜನೆಯ ಹೆಸರನ್ನು ಒಂದು ಕೋಷ್ಟಕದಲ್ಲಿ ಬರೆದುಕೊಳ್ಳುತ್ತೇನೆ. ಎಡಗಡೆ ನಾವು ಒಪ್ಪಿಕೊಂಡ ರೂಪ, ಅದರ ಪಕ್ಕ ವರದಿಯಲ್ಲಿ ಸಿಕ್ಕ ಉಳಿದ ರೂಪಗಳು, ಕೊನೆಯಲ್ಲಿ ಯಾಕೆ ಆ ರೂಪ ಎಂಬುದಕ್ಕೆ ಒಂದು ಸಾಲು. ಸಂಡೂರು/ಸೊಂಡೂರು, ಸಿರುಗುಪ್ಪ/ಸಿರಗುಪ್ಪ, ಕೂಡ್ಲಿಗಿ/ಕೂಡ್ಲಗಿ, ತಾಲ್ಲೂಕು/ತಾಲೂಕು, ಕಚೇರಿ/ಕಛೇರಿ ಹೀಗೆ ಪಟ್ಟಿ ಬೆಳೆಯುತ್ತದೆ. ಬಹಳಷ್ಟರಲ್ಲಿ ಎರಡೂ ರೂಪ ಬಳಕೆಯಲ್ಲಿವೆ, ಒಂದನ್ನು ಆರಿಸಿ ಕೊನೆಯವರೆಗೆ ಅದನ್ನೇ ನಡೆಸಿದರೆ ಸಾಕು. ಇಂಥ ಕಡೆ ನಾನು ಲೇಖಕರ ಜೊತೆ ವಾದಕ್ಕೆ ನಿಲ್ಲುವುದಿಲ್ಲ. ವರದಿಯಲ್ಲಿ ಯಾವುದು ಹೆಚ್ಚು ಸಲ ಬಂದಿದೆಯೋ ಅದನ್ನೇ ಇಟ್ಟುಕೊಳ್ಳುತ್ತೇನೆ.

ಹುಡುಕುವಾಗ ಪೂರ್ತಿ ಪದವನ್ನು ಬೆರಳಚ್ಚಿಸಬಾರದು. "ಸಂಡೂರು" ಎಂದು ಹುಡುಕಿದರೆ "ಸಂಡೂರಿನ", "ಸಂಡೂರಿಗೆ" ಸಿಗುವುದಿಲ್ಲ. "ಸಂಡೂರ" ಎಂದು ಹುಡುಕಿದರೆ ಎಲ್ಲವೂ ಸಿಗುತ್ತವೆ, ಏಕೆಂದರೆ ಯೂನಿಕೋಡ್‌ನಲ್ಲಿ "ರು", "ರಿ" ಎರಡೂ "ರ" ಎಂಬ ಅಕ್ಷರದಿಂದಲೇ ಶುರುವಾಗಿ, ಸ್ವರಚಿಹ್ನೆ ಆಮೇಲೆ ಸೇರಿಕೊಳ್ಳುತ್ತದೆ. ವಿಭಕ್ತಿ ಹಚ್ಚುವ ನಮ್ಮ ಭಾಷೆಯಲ್ಲಿ ಕೊನೆಯ ಸ್ವರವನ್ನು ಬಿಟ್ಟು ಹುಡುಕುವುದು ರೂಢಿಯಾದರೆ ಅರ್ಧ ಶ್ರಮ ಉಳಿಯುತ್ತದೆ.

ಎಲ್ಲವನ್ನೂ ಒಂದೇ ಏಟಿಗೆ ಬದಲಿಸುವ ಆಜ್ಞೆಯನ್ನು ಮಾತ್ರ ನಾನು ಹೆಸರುಗಳ ಮೇಲೆ ಬಳಸುವುದಿಲ್ಲ. ಈ ವರದಿಯಲ್ಲೇ "ಹೈದರಾಬಾದ್ ಕರ್ನಾಟಕ" ಮತ್ತು "ಕಲ್ಯಾಣ ಕರ್ನಾಟಕ" ಎರಡೂ ಇದ್ದವು. ಹೆಸರು ಬದಲಾದದ್ದು 2019ರಲ್ಲಿ. ಎಲ್ಲ ಕಡೆ ಹೊಸ ಹೆಸರನ್ನೇ ಹಾಕಿಬಿಟ್ಟರೆ, 2018ರ ಒಂದು ಪತ್ರ ಆಗಿನ್ನೂ ಇರದ "ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ"ಯಿಂದ ಬಂದಂತೆ ಆಗುತ್ತಿತ್ತು. ನನ್ನ ನಿಯಮ ಇಷ್ಟು: ಆ ಕಾಲದ ದಾಖಲೆಯ ಹೆಸರು, ಉಲ್ಲೇಖಿಸಿದ ಪತ್ರದ ವಿಷಯ, ಸಂಸ್ಥೆಯ ಅಂದಿನ ಹೆಸರು ಹಾಗೇ ಇರಬೇಕು. ವರದಿಗಾರರು ತಮ್ಮ ಮಾತಿನಲ್ಲಿ ಹೇಳುವ ಕಡೆ ಇಂದಿನ ಹೆಸರು ಬರಬೇಕು. ಎರಡೂ ಸಂಧಿಸುವ ಮೊದಲ ಜಾಗದಲ್ಲಿ ಒಂದು ಆವರಣದ ಟಿಪ್ಪಣಿ ಸಾಕು.

ವ್ಯಕ್ತಿಗಳ ಹೆಸರಿನಲ್ಲಿ ಇನ್ನೂ ಎಚ್ಚರ ಬೇಕಾದ ಒಂದು ಜಾಗವಿದೆ. ಮಕ್ಕಳ ಕಥೆ ಹೇಳುವ ಅಧ್ಯಾಯದಲ್ಲಿ "ಹೆಸರು ಬದಲಿಸಲಾಗಿದೆ" ಎಂದು ಅಡಿಟಿಪ್ಪಣಿ ಇತ್ತು. ಎರಡು ಪುಟ ದಾಟಿದರೆ ಅದೇ ಹುಡುಗಿಯ ಚಿತ್ರ, ಅದರ ಕೆಳಗೆ ಶಾಲೆಯ ಹೆಸರಿನೊಂದಿಗೆ ಅವಳ ನಿಜವಾದ ಹೆಸರು. ಬರೆದವರು ಒಬ್ಬರು, ಚಿತ್ರಶೀರ್ಷಿಕೆ ಕೊಟ್ಟವರು ಇನ್ನೊಬ್ಬರು. ಆದ್ದರಿಂದ ಚಿತ್ರಶೀರ್ಷಿಕೆ, ಕೋಷ್ಟಕದ ತಲೆಬರಹ, ಅನುಬಂಧ, ಇಂಗ್ಲಿಷ್ ಸಾರಾಂಶ ಇವನ್ನು ಹೆಸರಿನ ಸುತ್ತಿನಲ್ಲಿ ಬೇರೆಯಾಗಿಯೇ ತೆಗೆದು ನೋಡುತ್ತೇನೆ. ವರದಿಯ ಮೈಯನ್ನು ಹತ್ತು ಜನ ಓದಿರುತ್ತಾರೆ, ಈ ಮೂಲೆಗಳನ್ನು ಯಾರೂ ಓದಿರುವುದಿಲ್ಲ.

ಇಸವಿಯ ಸುತ್ತಿನಲ್ಲಿ ಮೊದಲು ಸಿಕ್ಕದ್ದು "ಕಳೆದ ಐದು ವರ್ಷಗಳ" ಎಂಬ ಮಾತು. 2017-18ರಿಂದ 2022-23ರವರೆಗೆ ಬೆರಳೆಣಿಸಿದರೆ ಆರು ವರ್ಷ. ಆರಂಭ ಮತ್ತು ಕೊನೆಯ ವರ್ಷ ಎರಡನ್ನೂ ಸೇರಿಸಿ ಎಣಿಸಬೇಕೆಂಬುದನ್ನು ಬರೆಯುವವರು ಮರೆಯುತ್ತಾರೆ. ಎರಡನೆಯದು, "2019-20" ಎಂದರೆ ಯಾವ ವರ್ಷ? ಖರ್ಚಿನ ಕೋಷ್ಟಕದಲ್ಲಿ ಅದು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಆರ್ಥಿಕ ವರ್ಷ, ಶಾಲೆಗಳ ಕೋಷ್ಟಕದಲ್ಲಿ ಶೈಕ್ಷಣಿಕ ವರ್ಷ. ಪಕ್ಕಪಕ್ಕದಲ್ಲಿಟ್ಟು "ಪ್ರತಿ ಶಾಲೆಗೆ ತಗುಲಿದ ವೆಚ್ಚ" ಎಂದು ಭಾಗಿಸಿದ್ದರು. ಭಾಗಿಸಬಾರದೆಂದಲ್ಲ, ಆದರೆ ಪ್ರತಿ ಕೋಷ್ಟಕದ ತಲೆಯ ಮೇಲೆ ಅದು ಯಾವ ವರ್ಷವೆಂದು ಬರೆದಿರಬೇಕು. ಇದರ ಜೊತೆಗೆ "ಪ್ರಸಕ್ತ", "ಇತ್ತೀಚೆಗೆ", "ಕಳೆದ ವರ್ಷ" ಎಂಬ ಪದಗಳನ್ನು ಒಂದೊಂದಾಗಿ ಹುಡುಕಿ ಇಸವಿಗೆ ತಿರುಗಿಸುತ್ತೇನೆ. ಇವುಗಳಲ್ಲಿ ಕೆಲವು ಹಳೆಯ ವರದಿಯಿಂದ ನಕಲಾಗಿ ಬಂದ ವಾಕ್ಯಗಳಲ್ಲೇ ಉಳಿದುಕೊಂಡಿರುತ್ತವೆ.

ಎರಡು ದಿನಾಂಕಗಳು ಬೇರೆಯಾಗಿದ್ದ ಮಾತ್ರಕ್ಕೆ ಒಂದು ತಪ್ಪೆಂದು ತೀರ್ಮಾನಿಸಬಾರದು. ವಿಜಯನಗರ ಜಿಲ್ಲೆ ಫೆಬ್ರವರಿ 2021ರಲ್ಲಿ ರಚನೆಯಾಯಿತು ಎಂದು ಒಂದು ಪುಟ, ಅಕ್ಟೋಬರ್ 2021 ಎಂದು ಇನ್ನೊಂದು ಪುಟ ಹೇಳುತ್ತಿತ್ತು. ಅಧಿಸೂಚನೆ ಹೊರಬಿದ್ದದ್ದು ಫೆಬ್ರವರಿ 8ರಂದು, ಉದ್ಘಾಟನೆ ನಡೆದದ್ದು ಅಕ್ಟೋಬರ್ 2ರಂದು. ಎರಡೂ ಸರಿ. ತಿದ್ದಬೇಕಾದದ್ದು ದಿನಾಂಕವನ್ನಲ್ಲ, "ರಚನೆಯಾಯಿತು" ಎಂಬ ಕ್ರಿಯಾಪದವನ್ನು.

ಇಲ್ಲಿಂದಲೇ ಅಂಕಿಗಳ ಸುತ್ತು ಬಿಗಿಯಾಯಿತು. ಮೊದಲ ಕರಡಿನಲ್ಲಿ ಹೀಗಿತ್ತು: 2020-21ರಲ್ಲಿ ಬಳ್ಳಾರಿ ಜಿಲ್ಲೆಯ 132 ಶಾಲೆಗಳು, 2021-22ರಲ್ಲಿ ಬಳ್ಳಾರಿಯಲ್ಲಿ 58, ವಿಜಯನಗರದಲ್ಲಿ 78. ಕೆಳಗೆ ಒಂದು ವಾಕ್ಯ: "ಕೋವಿಡ್ ನಂತರ ಬಳ್ಳಾರಿ ಜಿಲ್ಲೆಯಲ್ಲಿ ನಮ್ಮ ಶಾಲೆಗಳ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು." ಇಳಿದದ್ದು ಶಾಲೆಗಳಲ್ಲ, ಜಿಲ್ಲೆಯ ಗಡಿ. ಎರಡು ಜಿಲ್ಲೆ ಕೂಡಿಸಿದರೆ 136, ಅಂದರೆ ನಾಲ್ಕು ಶಾಲೆ ಹೆಚ್ಚಾಗಿವೆ. ಹಿಂದಿನ ವರ್ಷಗಳ ಅಂಕಿಗಳನ್ನೂ ಇಂದಿನ ಗಡಿಯ ಪ್ರಕಾರ ಒಡೆದು ಕೊಡಿ ಎಂದು ಬರೆದೆ.

ಒಡೆದು ಕಳುಹಿಸಿದರು. 2020-21ಕ್ಕೆ ಬಳ್ಳಾರಿ 46, ವಿಜಯನಗರ 86. ಕೂಡಿಸಿದರೆ 132, ಮೊತ್ತ ಸರಿಯಾಗಿಯೇ ಇದೆ. ಆದರೆ ಮುಂದಿನ ವರ್ಷದ ಜೊತೆ ಇಟ್ಟು ನೋಡಿದರೆ ಬಳ್ಳಾರಿಯಲ್ಲಿ ಒಮ್ಮೆಲೇ 12 ಹೆಚ್ಚಿ, ವಿಜಯನಗರದಲ್ಲಿ 8 ಕಡಿಮೆಯಾಗಿದ್ದವು. ಎಂಟು ಶಾಲೆಗಳಲ್ಲಿ ಗ್ರಂಥಾಲಯ ಮುಚ್ಚಿದ್ದರೆ ವರದಿಯಲ್ಲಿ ಎಲ್ಲಾದರೂ ಅದರ ಮಾತು ಬರಬೇಕಿತ್ತು, ಬಂದಿರಲಿಲ್ಲ. ಅಂಕಿ ಹೇಳುವುದನ್ನು ಬರಹ ಹೇಳದಿದ್ದರೆ ಎರಡರಲ್ಲಿ ಒಂದು ಕಡೆ ಏನೋ ಇದೆ. ಕ್ಷೇತ್ರ ಸಂಯೋಜಕರಿಗೆ ಫೋನ್ ಮಾಡಿದೆ.

"ಸರ್, ಹಳೆಯ ಪಟ್ಟಿಯಲ್ಲಿ ಹೊಸಪೇಟೆ ತಾಲ್ಲೂಕು ಎಂದಿರುವ ಶಾಲೆಗಳನ್ನೆಲ್ಲ ವಿಜಯನಗರಕ್ಕೆ ಹಾಕಿದಿರಾ?"

"ಹೌದು ಮೇಡಂ, ಹೊಸಪೇಟೆ ವಿಜಯನಗರದಲ್ಲೇ ಅಲ್ಲವೇ ಇರುವುದು?"

"ಕಂಪ್ಲಿ ಕಡೆಯ ಶಾಲೆಗಳು ಆ ಪಟ್ಟಿಯಲ್ಲಿ ಇವೆಯೇ ನೋಡಿ."

ಇದ್ದವು, ಒಂಬತ್ತು. ಕಂಪ್ಲಿ ಮೊದಲು ಹೊಸಪೇಟೆ ತಾಲ್ಲೂಕಿಗೇ ಸೇರಿತ್ತು, ಪ್ರತ್ಯೇಕ ತಾಲ್ಲೂಕಾದದ್ದು ಆಮೇಲೆ. ಜಿಲ್ಲೆ ಒಡೆದಾಗ ಹೊಸಪೇಟೆ ವಿಜಯನಗರಕ್ಕೆ ಹೋಯಿತು, ಕಂಪ್ಲಿ ಬಳ್ಳಾರಿಯಲ್ಲೇ ಉಳಿಯಿತು. ಸಂಸ್ಥೆಯ ಶಾಲಾಪಟ್ಟಿಯಲ್ಲಿ ಮಾತ್ರ ಹಳೆಯ ತಾಲ್ಲೂಕಿನ ಹೆಸರೇ ನಿಂತುಬಿಟ್ಟಿತ್ತು. ಆ ಒಂಬತ್ತನ್ನು ಸ್ಥಳಾಂತರಿಸಿದ ಮೇಲೆ 2020-21ರ ಸಾಲು ಬಳ್ಳಾರಿ 55, ವಿಜಯನಗರ 77 ಎಂದಾಯಿತು. ಮರುವರ್ಷ 58 ಮತ್ತು 78. ಒಂದು ಕಡೆ ಮೂರು, ಇನ್ನೊಂದು ಕಡೆ ಒಂದು ಹೆಚ್ಚಳ, ಒಟ್ಟು ನಾಲ್ಕು. ಬರಹದಲ್ಲಿದ್ದ ಹೊಸ ಶಾಲೆಗಳ ಉಲ್ಲೇಖಕ್ಕೂ ಇದು ಹೊಂದಿತು.

ಹರಪನಹಳ್ಳಿಯದು ಇದಕ್ಕಿಂತ ಜಟಿಲ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರಕ್ಕೆ ಸೇರಿದ ತಾಲ್ಲೂಕು ಅದು. ವರದಿಯ ಮೊದಲ ವರ್ಷದ ಕೋಷ್ಟಕದಲ್ಲಿ "ದಾವಣಗೆರೆ" ಎಂಬ ಕಲಂ ಇದ್ದು ಮುಂದಿನವುಗಳಲ್ಲಿ ಮಾಯವಾಗಿದ್ದುದರ ಗುಟ್ಟು ಇದೇ. ಕೋಷ್ಟಕದ ಕೆಳಗೆ ಒಂದು ಟಿಪ್ಪಣಿ ಹಾಕಿಸಿದೆ: "ಎಲ್ಲ ವರ್ಷಗಳ ಅಂಕಿಗಳನ್ನೂ ಇಂದಿನ ಜಿಲ್ಲಾ ಗಡಿಗಳಿಗೆ ಅನುಗುಣವಾಗಿ, ಗ್ರಾಮವಾರು ಪಟ್ಟಿಯಿಂದ ಮರುವಿಂಗಡಿಸಲಾಗಿದೆ." ಗ್ರಾಮವಾರು ಎಂಬ ಪದ ಮುಖ್ಯ. ತಾಲ್ಲೂಕಿನ ಮಟ್ಟದಲ್ಲಿ ವಿಂಗಡಿಸಿದರೆ ಕಂಪ್ಲಿಯಂಥವು ಮತ್ತೆ ತಪ್ಪಿಸಿಕೊಳ್ಳುತ್ತವೆ.

ಮುಖ್ಯ ಅಂಕಿಗಳಿಗೆ ನಾನು ಇನ್ನೊಂದು ಚಿಕ್ಕ ಪಟ್ಟಿ ಇಡುತ್ತೇನೆ. 136 ಎಂಬುದು ಮುನ್ನುಡಿ, ಸಾರಾಂಶ, ಮೂರನೆಯ ಅಧ್ಯಾಯ, ಹಿಂಬದಿಯ ರಕ್ಷಾಪುಟ ಎಲ್ಲೆಲ್ಲಿ ಬಂದಿದೆ ಎಂದು ಪುಟಸಂಖ್ಯೆ ಸಹಿತ. ಕೋಷ್ಟಕದಲ್ಲಿ ಒಂದು ಅಂಕಿ ಬದಲಾದರೆ ಉಳಿದ ಜಾಗಗಳಿಗೆ ನೇರವಾಗಿ ಹೋಗಬಹುದು. ಮುನ್ನುಡಿಯಲ್ಲಿ "ಸುಮಾರು 140" ಎಂದಿತ್ತು. "ಸುಮಾರು" ಇದ್ದರೂ ನಾನು ಬಿಡಲಿಲ್ಲ, ಖಚಿತ ಅಂಕಿ ಕೈಯಲ್ಲಿರುವಾಗ ಅಂದಾಜು ಯಾಕೆ? ಶೇಕಡಾ ಲೆಕ್ಕದಲ್ಲಿ ಪದೇ ಪದೇ ಕಾಣುವುದು ಒಂದೇ ತೊಡಕು. ವಾರಕ್ಕೊಂದು ಪುಸ್ತಕ ಒಯ್ಯುವ ಮಕ್ಕಳು ಶೇ. 48ರಿಂದ ಶೇ. 60ಕ್ಕೆ ಏರಿದರೆ ಅದನ್ನು "ಶೇ. 12ರಷ್ಟು ಹೆಚ್ಚಳ" ಎಂದು ಬರೆಯುತ್ತಾರೆ. ಏರಿದ್ದು 12 ಶೇಕಡಾ ಅಂಶ; 48ಕ್ಕೆ ಹೋಲಿಸಿದರೆ ಹೆಚ್ಚಳ ಶೇ. 25. ಗೊಂದಲ ಬೇಡವೆಂದು ನಾನು "ಶೇ. 48ರಿಂದ 60ಕ್ಕೆ ಏರಿತು" ಎಂದಷ್ಟೇ ಉಳಿಸುತ್ತೇನೆ.

ಕಾಗುಣಿತದ ಸುತ್ತು ಕೊನೆಗೆ, ಅದಕ್ಕೆ ಹೆಚ್ಚು ಹೊತ್ತು ಬೇಡ. ಕಣ್ಣಿಗೆ ಕಾಣದ ಒಂದು ತಪ್ಪನ್ನು ಮಾತ್ರ ಹೇಳಬೇಕು. ಕೆಲವರು ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆಯನ್ನು ಒತ್ತಿರುತ್ತಾರೆ. ಕಾಗದದ ಮೇಲೆ "ಅ೦ಗನವಾಡಿ"ಗೂ "ಅಂಗನವಾಡಿ"ಗೂ ವ್ಯತ್ಯಾಸ ಬಹುತೇಕ ತಿಳಿಯುವುದಿಲ್ಲ, ಆದರೆ ಗಣಕಕ್ಕೆ ಅವು ಬೇರೆ ಬೇರೆ ಪದ. ಹುಡುಕಿದರೆ ಸಿಗುವುದಿಲ್ಲ, ಪದಸೂಚಿಯಲ್ಲೂ ಬೇರೆ ಕಡೆ ಹೋಗಿ ಕೂರುತ್ತವೆ. ವರದಿಯಲ್ಲಿ 1, 2, 3 ಅಂಕಿಗಳನ್ನೇ ಬಳಸಿದ್ದರೆ ಉಪಾಯ ಸುಲಭ: ೦ ಎಂಬ ಚಿಹ್ನೆಯೊಂದನ್ನೇ ಹುಡುಕಿ, ಸಿಕ್ಕಿದ್ದೆಲ್ಲ ತಪ್ಪು. ಎಲ್ಲವನ್ನೂ ಒಂದೇ ಏಟಿಗೆ ಬದಲಿಸಲು ನಾನು ಧೈರ್ಯ ಮಾಡುವುದು ಇಲ್ಲಿ ಮಾತ್ರ. ಇದನ್ನು ಹೆಸರಿನ ಸುತ್ತಿಗೂ ಮೊದಲೇ ಮಾಡಿಟ್ಟುಕೊಂಡರೆ ಒಳ್ಳೆಯದು, ಇಲ್ಲವಾದರೆ "ಸ೦ಡೂರು" ಎಂದು ಬೆರಳಚ್ಚಾದ ಊರು ಹುಡುಕಾಟಕ್ಕೆ ಸಿಗದೆ ಉಳಿಯುತ್ತದೆ.

ತಿದ್ದಿದ್ದನ್ನು ಲೇಖಕರಿಗೆ ಕಳುಹಿಸುವಾಗ ಎರಡು ಭಾಗ ಮಾಡುತ್ತೇನೆ. ತಾಲೂಕು ತಾಲ್ಲೂಕಾದದ್ದನ್ನು ಸುಮ್ಮನೆ ತಿಳಿಸಿದರೆ ಸಾಕು. ಅಂಕಿ, ದಿನಾಂಕ, ವ್ಯಕ್ತಿಯ ಹೆಸರುಗಳನ್ನು ಮಾತ್ರ ನಾನಾಗಿ ಮುಟ್ಟುವುದಿಲ್ಲ, ಪ್ರಶ್ನೆಯಾಗಿ ಕಳುಹಿಸುತ್ತೇನೆ. "ಪುಟ 31ರಲ್ಲಿ 86 ಇದೆ, ಪುಟ 34ರಲ್ಲಿ 78 ಇದೆ, ಎಂಟು ಶಾಲೆ ಕಡಿಮೆಯಾದ ಮಾತು ಬರಹದಲ್ಲಿಲ್ಲ, ಯಾವುದು ಸರಿ, ಯಾವ ದಾಖಲೆಯಿಂದ?" ಎಂದು ಎರಡೂ ಪುಟ, ಎರಡೂ ಅಂಕಿ ಕೊಟ್ಟು ಕೇಳಿದರೆ ಅದೇ ದಿನ ಉತ್ತರ ಬರುತ್ತದೆ. "ಅಂಕಿಗಳನ್ನು ಮತ್ತೊಮ್ಮೆ ಪರಿಶೀಲಿಸಿ" ಎಂದಷ್ಟೇ ಬರೆದರೆ "ಪರಿಶೀಲಿಸಿದ್ದೇವೆ, ಸರಿಯಿದೆ" ಎಂದು ಬರುತ್ತದೆ.