ನಾಲಿಗೆಯ ಕೆಳಗಿಟ್ಟ ಒಂದು ಮಾತ್ರೆ

ಬೆಳಗಿನ ಜಾವ ಎದೆನೋವೆಂದು ಬಂದವರಿಗೆ ಐವತ್ತೆಂಟು ವರ್ಷ. ರಕ್ತದೊತ್ತಡ 140/90, ಇಸಿಜಿಯಲ್ಲಿ ಹೃದಯಕ್ಕೆ ರಕ್ತ ಸಾಲದಿರುವ ಗುರುತು. "ಬೇರೆ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತೀರಾ?" ಎಂದು ಕೇಳಿದೆ. "ಬಿಪಿಗೆ ಒಂದು, ಅಷ್ಟೇ" ಎಂದರು. ಆಸ್ಪಿರಿನ್ ಅಗಿಯಲು ಕೊಟ್ಟು, ರಕ್ತನಾಳ ಹಿಗ್ಗಿಸುವ ನೈಟ್ರೇಟ್ ಮಾತ್ರೆ, ಐದು ಮಿಲಿಗ್ರಾಂ ಐಸೋಸಾರ್ಬೈಡ್ ಡೈನೈಟ್ರೇಟ್ ಅನ್ನು ನಾಲಿಗೆಯ ಕೆಳಗಿಟ್ಟೆ.

ಹತ್ತು ನಿಮಿಷವಾಗಿರಲಿಲ್ಲ. ಹಣೆಯಲ್ಲಿ ತಣ್ಣನೆಯ ಬೆವರು, ಮಾತು ತೊದಲು. ರಕ್ತದೊತ್ತಡ 70/40. ಬಲ ಹೃತ್ಕುಕ್ಷಿಗೆ ಪೆಟ್ಟು ಬಿದ್ದವರಲ್ಲಿಯೂ ನೈಟ್ರೇಟಿನಿಂದ ಹೀಗೆ ಕುಸಿಯುತ್ತದೆ. ಆದ್ದರಿಂದ ಎದೆಯ ಬಲಭಾಗದ ಇಸಿಜಿ ತೆಗೆಸಿದೆ. ಅದರಲ್ಲಿ ಏನೂ ಇರಲಿಲ್ಲ. ಅಷ್ಟರಲ್ಲಿ ಅವರ ಹೆಂಡತಿ ಚೀಲದಿಂದ ಒಂದು ಪಟ್ಟಿ ತೆಗೆದರು. "ಸರ್, ಮೂತ್ರದ ತೊಂದರೆಗೆಂದು ರಾತ್ರಿ ಇದನ್ನೂ ತೆಗೆದುಕೊಳ್ಳುತ್ತಾರೆ." ಪ್ರಾಸ್ಟೇಟ್ ಊತಕ್ಕೆ ಕೊಡುವ ಟ್ಯಾಮ್ಸುಲೋಸಿನ್, ಅದರೊಂದಿಗೆ ಐದು ಮಿಲಿಗ್ರಾಂ ಟಡಾಲಾಫಿಲ್. ವಯಾಗ್ರಾ ಎಂದು ಹೆಸರಾದ ಸಿಲ್ಡೆನಾಫಿಲ್‌ನ ಸೋದರ ಔಷಧ ಅದು. ಪಾಪ, ಅವರು ಏನನ್ನೂ ಮುಚ್ಚಿಟ್ಟಿರಲಿಲ್ಲ. ನಾನು ಕೇಳಿದ ರೀತಿಯೇ ಸರಿಯಿರಲಿಲ್ಲ.

ನೈಟ್ರೇಟ್ ದೇಹದಲ್ಲಿ ನೈಟ್ರಿಕ್ ಆಕ್ಸೈಡ್ ಬಿಡುತ್ತದೆ. ಅದು ರಕ್ತನಾಳದ ಸ್ನಾಯುಕೋಶದೊಳಗೆ ಸೈಕ್ಲಿಕ್ ಜಿಎಂಪಿ ಎಂಬ ವಸ್ತುವನ್ನು ಹೆಚ್ಚಿಸುತ್ತದೆ. ನಾಳ ಸಡಿಲವಾಗಿ ಹಿಗ್ಗುತ್ತದೆ. ಅದೇ ಜಿಎಂಪಿಯನ್ನು ಒಡೆದು ಹಾಕುವುದು ಫಾಸ್ಫೋಡೈಎಸ್ಟರೇಸ್-5 ಎಂಬ ಕಿಣ್ವ. ಟಡಾಲಾಫಿಲ್ ಆ ಕಿಣ್ವದ ಕೈ ಕಟ್ಟುತ್ತದೆ. ಒಂದು ಕಡೆ ತಯಾರಿಕೆ ಏರಿತು, ಇನ್ನೊಂದು ಕಡೆ ವಿಲೇವಾರಿ ನಿಂತಿತು. ಒಂದೊಂದೇ ಕೊಟ್ಟರೆ ರಕ್ತದೊತ್ತಡ ಅಲ್ಪಸ್ವಲ್ಪ ಇಳಿಯುತ್ತದೆ. ಎರಡೂ ಸೇರಿದರೆ ಪಾತಾಳಕ್ಕಿಳಿಯುತ್ತದೆ, ಮೊದಲೇ ರಕ್ತ ಸಾಲದ ಹೃದಯಕ್ಕೆ ಇನ್ನಷ್ಟು ಕೊರತೆಯಾಗುತ್ತದೆ.

ಇದಕ್ಕೆ ಪ್ರತಿಮದ್ದಿಲ್ಲ. ಕರಗದೆ ಉಳಿದಿದ್ದ ಮಾತ್ರೆಯ ಚೂರನ್ನು ಬಾಯಿಂದ ತೆಗೆದೆ. ಮಲಗಿಸಿ ಕಾಲು ಎತ್ತರಿಸಿ, ಅರ್ಧ ಲೀಟರ್ ಸಲೈನ್ ಬೇಗ ಹರಿಸಿದೆವು. ಮೇಲಿನ ಅಂಕಿ 80ರ ಆಸುಪಾಸಿನಲ್ಲೇ ನಿಂತಿತು. ರಕ್ತನಾಳ ಬಿಗಿಗೊಳಿಸುವ ನಾರ್‌ಅಡ್ರಿನಲಿನ್ ಹನಿ ಹಾಕಿದ ಮೇಲೆ 100 ದಾಟಿತು. ನೋವಿಗೆ ನೈಟ್ರೇಟಿನ ಮಾತೇ ಎತ್ತಲಿಲ್ಲ. ರಕ್ತದೊತ್ತಡ ನೆಲೆಗೊಂಡ ಮೇಲೆ ಮಾರ್ಫಿನ್ ಅನ್ನು ಸ್ವಲ್ಪ ಸ್ವಲ್ಪವಾಗಿ ಕೊಟ್ಟೆವು. ಮಧ್ಯಾಹ್ನದ ಹೊತ್ತಿಗೆ ಹನಿ ನಿಲ್ಲಿಸಲು ಸಾಧ್ಯವಾಯಿತು.

ಅಂದಿನಿಂದ ನೈಟ್ರೇಟ್ ಕೈಗೆತ್ತಿಕೊಳ್ಳುವ ಮೊದಲು ಮನೆಯವರನ್ನು ಪರದೆಯ ಆಚೆ ಕಳಿಸಿ ಕೇಳುತ್ತೇನೆ: "ಲೈಂಗಿಕ ಶಕ್ತಿಗೆಂದು ಮಾತ್ರೆ, ಪುಡಿ, ಲೇಹ್ಯ ಏನಾದರೂ ಎರಡು ದಿನದೊಳಗೆ ತೆಗೆದುಕೊಂಡಿದ್ದೀರಾ? ಮೂತ್ರಕ್ಕೆ, ಶ್ವಾಸಕೋಶದ ಒತ್ತಡಕ್ಕೆ?" ಲೇಹ್ಯವನ್ನು ಸೇರಿಸಿದ್ದಕ್ಕೆ ಕಾರಣವಿದೆ: ಗಿಡಮೂಲಿಕೆಯೆಂದು ಮಾರುವ ಕೆಲವು ಮದ್ದುಗಳಲ್ಲಿ ಸಿಲ್ಡೆನಾಫಿಲ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಸಿಕ್ಕಿದೆ. ಹೆಂಗಸರನ್ನೂ ಬಿಡುವುದಿಲ್ಲ, ಶ್ವಾಸಕೋಶದ ರಕ್ತನಾಳಗಳ ಅಧಿಕ ಒತ್ತಡಕ್ಕೆ ಅವರೂ ಇದೇ ಔಷಧ ನುಂಗುತ್ತಾರೆ. ಸಿಲ್ಡೆನಾಫಿಲ್ ಆದರೆ 24 ಗಂಟೆ, ಟಡಾಲಾಫಿಲ್ ಆದರೆ 48 ಗಂಟೆ ನೈಟ್ರೇಟ್ ಕೂಡದು. ದಿನವೂ ನುಂಗುವವರ ದೇಹದಿಂದ ಅದು ಪೂರ್ತಿ ಇಳಿಯುವುದೇ ಇಲ್ಲ.

ಅವರನ್ನು ಮನೆಗೆ ಕಳಿಸುವಾಗ ಟಡಾಲಾಫಿಲ್ ನಿಲ್ಲಿಸಿದೆ. ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳಲು ಒಂದು ಚೀಟಿ ಬರೆದುಕೊಟ್ಟೆ, ಕನ್ನಡದಲ್ಲೇ, ದಪ್ಪಕ್ಷರದಲ್ಲಿ: ಯಾವ ಮಾತ್ರೆ, ಕೊನೆಯ ಸಲ ನುಂಗಿದ್ದು ಯಾವ ರಾತ್ರಿ.